ಬೇಸಿಗೆಯಲ್ಲಿ ಮುಚ್ಚಿಹೋದ ಜಾಯಿಂಟ್: ಸರಿಪಡಿಸಿದ ಅನುಭವ

80 ಮೀಟರ್ ಉದ್ದದ ಸೇತುವೆಯ ಡೆಕ್. ಒಂದು ತುದಿ ಫಿಕ್ಸೆಡ್, ಇನ್ನೊಂದು ತುದಿಯಲ್ಲಿ ಎಕ್ಸ್‌ಪಾನ್ಷನ್ ಜಾಯಿಂಟ್. ಮೊದಲ ಬೇಸಿಗೆಯಲ್ಲೇ ಗ್ಯಾಪ್ ಪೂರ್ತಿ ಮುಚ್ಚಿ, ಅಂಚಿನ ಕಾಂಕ್ರೀಟ್ ಚಕ್ಕೆ ಏಳತೊಡಗಿತು. ಬೇರಿಂಗ್ ಅಂಟಿಕೊಂಡಿದೆಯೇನೋ ಎಂದು ಮೊದಲು ಅದನ್ನೇ ನೋಡಿದೆ, ಅದು ಸರಿಯಾಗಿಯೇ ಜರುಗುತ್ತಿತ್ತು.

ತಪ್ಪು ಇದ್ದದ್ದು ಗ್ಯಾಪ್ ಇಟ್ಟ ಹೊತ್ತಿನಲ್ಲಿ. ಡ್ರಾಯಿಂಗಿನಲ್ಲಿದ್ದ 30 ಮಿ.ಮೀ. ಅನ್ನೋದು ಡೆಕ್ 30°C ಇದ್ದಾಗಿನ ಲೆಕ್ಕ. ಕೂರಿಸಿದ್ದು ಚಳಿಗಾಲದ ಮುಂಜಾನೆ, ಆಗ ಡೆಕ್ ಸುಮಾರು 15°C. ಕಾಂಕ್ರೀಟಿಗೆ `ΔL = α × L × ΔT`, α 0.000012 ಹಿಡಿದರೆ ನಮ್ಮ ಡೆಕ್ ಪ್ರತಿ ಡಿಗ್ರಿಗೆ ಹತ್ತಿರಹತ್ತಿರ 1 ಮಿ.ಮೀ. ಉದ್ದವಾಗುತ್ತದೆ. 15ರಿಂದ 50ಕ್ಕೆ ಏರಿದರೆ 33.6 ಮಿ.ಮೀ. ಬೇಕು, ಇದ್ದದ್ದು 30 ಮಾತ್ರ. ಮುಚ್ಚದೆ ಇನ್ನೇನಾಗುತ್ತೆ, ಅಲ್ವಾ?

ಒಂದು ಬದಿಯ ಅಂಚು ಒಡೆದು, ಜಾಯಿಂಟ್ ಬಿಚ್ಚಿ ಮತ್ತೆ ಕೂರಿಸಿದೆವು. ಈ ಸಲ ಗಾಳಿಯ ಉಷ್ಣತೆ ನಂಬಲಿಲ್ಲ, ಬಿಸಿಲಲ್ಲಿ ಅದಕ್ಕೂ ಕಾಂಕ್ರೀಟಿಗೂ ತುಂಬ ವ್ಯತ್ಯಾಸ ಇರುತ್ತೆ. ಡೆಕ್ಕಿನಲ್ಲಿ ಸಣ್ಣ ತೂತು ಕೊರೆದು, ಥರ್ಮಾಮೀಟರ್ ಇಳಿಸಿ, ಬೆಳಗಿನ ಜಾವ ಅಳೆದಾಗ 24°C ಬಂತು. 30ಕ್ಕಿಂತ 6 ಡಿಗ್ರಿ ಕಡಿಮೆ, ಹಾಗಾಗಿ ಗ್ಯಾಪ್ 36 ಮಿ.ಮೀ. ಇಟ್ಟೆವು. 50°Cಗೂ ಸುಮಾರು 11 ಮಿ.ಮೀ. ಉಳಿಯುತ್ತದೆ. ಹೊಸ ಡೆಕ್ ಆಗಿದ್ದರೆ ಶ್ರಿಂಕೇಜಿನಿಂದ ಗ್ಯಾಪ್ ಮುಂದೆ ಇನ್ನೂ ಅಗಲವಾಗುತ್ತದೆ, ಸೀಲ್ ಆರಿಸುವಾಗ ಅದನ್ನೂ ಸೇರಿಸಿಕೊಳ್ಳಬೇಕು.