ಫರ್ಮ್ ಹೋಗಿ ಕಂಪನಿ ಆದಾಗ ಗಿರಾಕಿಗಳಿಗೆ ತಿಳಿಸುವುದು ಹೇಗೆ?

ಕಲಬುರಗಿಯ ಗಂಜ್‌ನಲ್ಲಿ ಅಣ್ಣ-ತಮ್ಮಂದಿರ ಪಾಲುದಾರಿಕೆಯಲ್ಲಿ ನಡೆಯುತ್ತಿದ್ದ ದಾಲ್ ಮಿಲ್ ಪ್ರೈವೇಟ್ ಲಿಮಿಟೆಡ್ ಆಗುವುದು ಈಗ ಅಪರೂಪವಲ್ಲ. ಆಗ ಗಿರಾಕಿಗಳಿಗೆ ಹೋಗುವ ಪತ್ರ ಮಾತ್ರ ಹೆಚ್ಚಾಗಿ ಒಂದೇ ಸಾಲಿನದು: ‘ನಮ್ಮ ಹೆಸರು ಬದಲಾಗಿದೆ, ಸಹಕರಿಸಿ.’ ಇದು ತಪ್ಪು ಮಾಹಿತಿ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆದಾಗ ಹೆಸರಷ್ಟೇ ಬದಲಾಯಿತು, ಊರು ಅದೇ. ಇಲ್ಲಿ ಹಾಗಲ್ಲ. ಕಾನೂನಿನ ಕಣ್ಣಲ್ಲಿ ಮಾರುವವರೇ ಬೇರೆ.

ಹೊಸ ಕಂಪನಿ ನೋಂದಣಿ ಮಾಡಿಸಿ, ಒಪ್ಪಂದದ ಮೂಲಕ ಫರ್ಮಿನ ವ್ಯಾಪಾರವನ್ನು ಅದಕ್ಕೆ ವಹಿಸುವ ದಾರಿಯನ್ನೇ ಇಲ್ಲಿ ನೋಡೋಣ.

ಮೊದಲ ಹೆಜ್ಜೆ, ಕಾಯುವುದು. ಹೊಸ ಪ್ಯಾನ್, ಜಿಎಸ್‌ಟಿ ನಂಬರ್, ಆಹಾರ ಲೈಸೆನ್ಸ್, ಬ್ಯಾಂಕ್ ಖಾತೆ ನಾಲ್ಕೂ ಕೈಗೆ ಬರುವವರೆಗೆ ಪತ್ರ ಕಳಿಸಬೇಡಿ. ‘ಖಾತೆ ವಿವರ ನಂತರ ತಿಳಿಸುತ್ತೇವೆ’ ಎಂದು ಬರೆದರೆ, ಆ ‘ನಂತರ’ದ ಸಂದೇಶವನ್ನು ಮೋಸಗಾರನೂ ಕಳಿಸಬಹುದು.

ಎರಡನೆಯದು, ದಿನ ಗೊತ್ತುಮಾಡುವುದು. ಏಪ್ರಿಲ್ 1 ಒಳ್ಳೆಯದು. ಎರಡೂ ಕಡೆಯ ಲೆಕ್ಕದ ವರ್ಷ ಅಲ್ಲಿಗೆ ಮುಗಿಯುತ್ತದೆ.

ಮೂರನೆಯದು ಪತ್ರ. ಎಲ್ಲರೂ ಎಡವುವುದು ಇಲ್ಲೇ. ಏನು ಬದಲಾಗುತ್ತದೆ ಅನ್ನುವುದನ್ನು ಹಳೆಯದು, ಹೊಸದು ಎಂದು ಅಕ್ಕಪಕ್ಕದಲ್ಲಿ ಬರೆಯಿರಿ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ, ಅಂದರೆ ಕರ್ನಾಟಕದ 29, ಹಾಗೇ ಇರುತ್ತದೆ. ಮುಂದಿನ ಹತ್ತು ಅಕ್ಷರ ಪ್ಯಾನ್, ಅದು ಬದಲಾಗುತ್ತದೆ. ಪ್ಯಾನಿನ ನಾಲ್ಕನೇ ಅಕ್ಷರ ಫರ್ಮಿಗೆ F, ಕಂಪನಿಗೆ C. ಹೊಸ ನಂಬರಿನಲ್ಲೂ ಆ ಜಾಗದಲ್ಲಿ F ಇದ್ದರೆ ಯಾರೋ ಹಳೆಯದನ್ನೇ ನಕಲು ಮಾಡಿದ್ದಾರೆ ಅಂತ ಅರ್ಥ. gst.gov.in ನಲ್ಲಿ ಯಾರು ಬೇಕಾದರೂ ನಂಬರ್ ಹಾಕಿ ಹೆಸರು ನೋಡಬಹುದು. ಇದನ್ನೂ ಪತ್ರದಲ್ಲಿ ಹೇಳಿ.

ಆಮೇಲೆ ಹಣದ ಮಾತು. ಒಂದು ಉದಾಹರಣೆ ನೋಡಿ. ಮಾರ್ಚ್ 30ರಂದು ಸೋಲಾಪುರದ ಅಂಗಡಿಗೆ ಒಂದು ಕಿಲೋ ಪ್ಯಾಕೆಟ್‌ಗಳ ತೊಗರಿ ಬೇಳೆ ಹೋಯಿತು. ಮಾಲು ₹1,00,000, ತೆರಿಗೆ ₹5,000. ಏಪ್ರಿಲ್ 2ರಂದು ಇಳಿಸಿಕೊಂಡಾಗ ₹2,000ದ ಪ್ಯಾಕೆಟ್ ಹರಿದಿದ್ದವು. ತೆರಿಗೆ ಸೇರಿ ₹2,100 ಕಡಿತ. ಈ ಕ್ರೆಡಿಟ್ ನೋಟ್ ಯಾರು ಕೊಡಬೇಕು? ಬಿಲ್ ಹಳೆ ಫರ್ಮಿನದು, ಹಾಗಾಗಿ ನೋಟ್ ಕೊಡುವುದೂ ಅದೇ. ಉಳಿದ ₹1,02,900 ಹಳೆ ಖಾತೆಗೇ ಬರಬೇಕು. ಏಪ್ರಿಲ್ 1ರಿಂದಾಚೆಗಿನ ಬಿಲ್‌ಗಳ ಹಣ ಮಾತ್ರ ಹೊಸ ಖಾತೆಗೆ. ‘ಬಿಲ್ ಯಾರ ಹೆಸರಲ್ಲಿದೆಯೋ ಹಣ ಅವರಿಗೆ’ ಎಂದು ಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಸರಕು ಯಾವತ್ತು ಮುಟ್ಟಿತು ಅನ್ನುವುದು ಇದಕ್ಕೆ ಲೆಕ್ಕಕ್ಕಿಲ್ಲ.

ಗಿರಾಕಿಯ ಲೆಕ್ಕ ಬರೆಯುವವರಿಗೆ ಇನ್ನೊಂದು ಮಾತು ಬೇಕೇ ಬೇಕು. ಟ್ಯಾಲಿಯಲ್ಲಿ ನಿಮ್ಮ ಹಳೆ ಲೆಡ್ಜರ್‌ಗೇ ಹೊಸ ಹೆಸರು, ಹೊಸ ನಂಬರ್ ಹಾಕಬಾರದು. ಹೊಸ ಲೆಡ್ಜರ್ ತೆರೆಯಬೇಕು. ಹಳೆಯದನ್ನು ತಿದ್ದಿದರೆ ಹಿಂದಿನ ಖರೀದಿಗಳೂ ಹೊಸ ಕಂಪನಿಯ ಹೆಸರಿಗೆ ಹೋಗಿ, ತೆರಿಗೆ ಹೊಂದಿಸುವಾಗ ತಾಳೆಯಾಗುವುದಿಲ್ಲ.

ಏನು ಬದಲಾಗುವುದಿಲ್ಲ ಅನ್ನುವುದಕ್ಕೂ ಅಷ್ಟೇ ಜಾಗ ಕೊಡಿ. ಮಿಲ್ ಅಲ್ಲೇ, ಬೇಳೆಯ ಬ್ರಾಂಡ್ ಅದೇ, ಫೋನ್ ನಂಬರ್ ಅದೇ, ಮಾತಾಡುವ ಜನ ಅವರೇ. ಒಪ್ಪಿಕೊಂಡ ದರ, ಉದ್ರಿಯ ದಿನಗಳೂ ಅವೇ. ಆದರೆ ವರ್ಷದ ಒಪ್ಪಂದ ಮಾಡಿಕೊಂಡ ಗಿರಾಕಿಗೆ ಸುಮ್ನೆ ತಿಳಿಸಿದರೆ ಸಾಲದು. ಒಪ್ಪಂದ ಹಳೆ ಫರ್ಮಿನ ಜೊತೆ ಆಗಿದ್ದು. ಅದನ್ನು ಕಂಪನಿ ಮುಂದುವರಿಸಲು ಅವರ ಒಪ್ಪಿಗೆಯ ಸಹಿ ತನ್ನಿ.

ಪತ್ರ ಹಳೆ ಲೆಟರ್‌ಹೆಡ್‌ನಲ್ಲೇ ಇರಲಿ. ಗಿರಾಕಿಗೆ ಗೊತ್ತಿರುವ ಪಾಲುದಾರರ ಸಹಿ ಇರಲಿ, ಹಳೆ ಇಮೇಲ್‌ನಿಂದಲೇ ಹೋಗಲಿ. ದಲ್ಲಾಳಿಯ ವಾಟ್ಸ್ಆ್ಯಪ್ ಫಾರ್ವರ್ಡ್ ಮೇಲೆ ಬಿಡಬೇಡಿ. ಹೊಸ ಲೋಗೋ ಇರುವ ಬಣ್ಣದ ಪೋಸ್ಟರ್, ಬಲ್ಕ್ ಎಸ್ಎಂಎಸ್ ಪ್ಯಾಕೇಜ್ ಮಾರಲು ಬರುವವರಿಗೆ ದುಡ್ಡು ಕೊಡಬೇಡಿ. ಬ್ಯಾಂಕ್ ವಿವರವನ್ನು ಅದರಲ್ಲಿ ಯಾರೂ ನಂಬುವುದಿಲ್ಲ, ನಂಬಲೂಬಾರದು. ‘ಹಣ ಹಾಕುವ ಮುಂಚೆ ನಿಮ್ಮಲ್ಲಿರುವ ನಮ್ಮ ಹಳೆ ನಂಬರಿಗೆ ಫೋನ್ ಮಾಡಿ ಖಾತೆ ಖಚಿತ ಮಾಡಿಕೊಳ್ಳಿ’ ಎಂದು ನೀವೇ ಬರೆಯಿರಿ. ಮೊದಲ ಸಲ ಒಂದು ರೂಪಾಯಿ ಹಾಕಿ ನೋಡಲಿ.

ಮಾರ್ಚ್ 31ರವರೆಗಿನ ಲೆಡ್ಜರ್ ಕಳಿಸುತ್ತೇವೆಂದು ಪತ್ರದಲ್ಲೇ ತಿಳಿಸಿ, ಏಪ್ರಿಲ್ ಮೊದಲ ವಾರದಲ್ಲೇ ಕಳಿಸಿ ಬಾಕಿಗೆ ಸಹಿ ಮಾಡಿಸಿಕೊಳ್ಳಿ. ತೂಕದ ಕೊರತೆ, ಹರಿದ ಪ್ಯಾಕೆಟ್‌ನ ತಕರಾರು ಏನಿದ್ದರೂ ಏಪ್ರಿಲ್ 15ರೊಳಗೆ ಹೇಳಲು ಕೇಳಿ. ವ್ಯಾಪಾರ ವಹಿಸಿಕೊಟ್ಟ 30 ದಿನದೊಳಗೆ ಫರ್ಮಿನ ಜಿಎಸ್‌ಟಿ ರದ್ದತಿಗೆ ಅರ್ಜಿ ಹಾಕಬೇಕು. ರದ್ದಾದ ನಂಬರಿನಿಂದ ಕ್ರೆಡಿಟ್ ನೋಟ್ ಕೊಡಲು ಬರುವುದಿಲ್ಲ.