ಕರೆಯದೆ ಏಳುವ ಸ್ಪೀಕರ್‌ಗೆ ನಿಮ್ಮ ದನಿ ಕಲಿಸುವುದು

ನಮ್ಮ ಯಜಮಾನರಿಗೆ ಕಣ್ಣು ಮಂಜಾಗಿದೆ, ಫೋನಿನ ಅಕ್ಷರ ಕಾಣುವುದಿಲ್ಲ. ಮಾತ್ರೆ ನೆನಪಿಸಲಿ, ವಾರ್ತೆ ಹೇಳಲಿ ಅಂತ ಮಗ, ಹೆಸರು ಹಿಡಿದು ಕರೆದರೆ ಎದ್ದು ಉತ್ತರ ಕೊಡುವ ಒಂದು ಸ್ಪೀಕರ್ ತಂದು ಟಿವಿ ಪಕ್ಕ ಇಟ್ಟು ಹೋದ. ಒಂದೇ ವಾರದಲ್ಲಿ ಎರಡು ತೊಂದರೆ ಶುರುವಾಯಿತು. ಇವರು "ಇವತ್ತು ಏನಿದೆ" ಅಂತ ಕೇಳಿದರೆ ಅದು ಮಗನ ಆಫೀಸ್ ಮೀಟಿಂಗ್ ಓದುತ್ತಿತ್ತು. ಸಂಜೆ ಧಾರಾವಾಹಿ ನೋಡುವಾಗ ಯಾರೂ ಕರೆಯದೆ ಎದ್ದು ಮಾತಾಡುತ್ತಿತ್ತು.

ದನಿ ಕಲಿಸಿಬಿಟ್ಟರೆ ಎರಡೂ ಸರಿಹೋಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಸ್ಪೀಕರ್ ಮೊದಲು ತನ್ನ ಹೆಸರು ಕೇಳಿತೇ ಅಂತಷ್ಟೇ ನೋಡುತ್ತದೆ. ಯಾರು ಕರೆದರೂ ಏಳುತ್ತದೆ. ಎದ್ದ ಮೇಲೆ, ಇದು ಯಾರ ದನಿ ಅಂತ ಗುರುತಿಸಿ ಅವರ ವಿಷಯ ಹೇಳುತ್ತದೆ. ಅಂದರೆ ದನಿ ಕಲಿಸಿದರೆ ಮೀಟಿಂಗ್ ಓದುವುದು ನಿಲ್ಲುತ್ತದೆ, ಸುಮ್ನೆ ಏಳುವುದು ನಿಲ್ಲುವುದಿಲ್ಲ. ಅದಕ್ಕೆ ಬೇರೆಯೇ ಉಪಾಯ ಬೇಕು.

ದನಿ ಕಲಿಸುವ ಜಾಗ ಅಲೆಕ್ಸಾ ಆ್ಯಪ್‌ನಲ್ಲಿ Voice ID, ಗೂಗಲ್ ಹೋಮ್‌ನಲ್ಲಿ Voice Match. ಅಲೆಕ್ಸಾ ಆದರೆ "ಅಲೆಕ್ಸಾ, ಲರ್ನ್ ಮೈ ವಾಯ್ಸ್" ಅಂದರೂ ಶುರುವಾಗುತ್ತದೆ. ಅದು ಹೇಳಿಕೊಟ್ಟ ಕೆಲವು ವಾಕ್ಯ ಹೇಳಬೇಕು, ಅಷ್ಟೇ. ಆದರೆ ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ಇವರು ಮೊದಲ ಸಲ ಹಲ್ಲಿನ ಸೆಟ್ ತೆಗೆದಿಟ್ಟು, ಸ್ಪೀಕರ್‌ಗೆ ಬಾಯಿ ಹತ್ತಿರ ಇಟ್ಟು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು. ಮರುದಿನ ಅದಕ್ಕೆ ಇವರ ಗುರುತೇ ಸಿಗಲಿಲ್ಲ. ಹಳೆಯದನ್ನು ಅಳಿಸಿ ಮತ್ತೆ ಕಲಿಸಿದೆವು. ಈ ಸಲ ಸೆಟ್ ಹಾಕಿಕೊಂಡು, ದಿನಾ ಕೂರುವ ಕುರ್ಚಿಯಲ್ಲೇ ಕೂತು, ನನ್ನ ಹತ್ತಿರ ಮಾತಾಡುವ ದನಿಯಲ್ಲೇ ಹೇಳಿದರು. ಟಿವಿ ಬಂದ್ ಮಾಡಿ ನಾನು ಒಳಗೆ ಹೋದೆ, ನಡುವೆ ಬಾಯಿ ಹಾಕಲಿಲ್ಲ. ನೆಗಡಿ ಇದ್ದರೆ ಎರಡು ದಿನ ಕಾಯಿರಿ. ಮುಗಿದ ಮೇಲೆ "ಅಲೆಕ್ಸಾ, ಹೂ ಆ್ಯಮ್ ಐ" ಅಂತ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕೇಳಿ ನೋಡಿ. ಅಣ್ಣತಮ್ಮಂದಿರ ದನಿ, ತಾಯಿಮಗಳ ದನಿ ಒಂದೇ ತರಹ ಇದ್ದರೆ ಆಗಾಗ ಅದಲುಬದಲು ಆಗುತ್ತದೆ. ಹಾಗಾಗಿ ಬಾಗಿಲ ಬೀಗ, ದುಡ್ಡಿನ ವಿಷಯ ಬರೀ ದನಿಯ ಮೇಲೆ ಬಿಡಬೇಡಿ, ಪಿನ್ ಇಡಿ.

ಈಗ ಸುಮ್ನೆ ಏಳುವ ವಿಷಯ. ಊಹೆ ಮಾಡಬೇಡಿ, ಲೆಕ್ಕ ನೋಡಿ. ಅಲೆಕ್ಸಾ ಆ್ಯಪ್‌ನ Voice History, ಗೂಗಲ್‌ನ My Activity ತೆಗೆದರೆ ಯಾವ ಹೊತ್ತಿಗೆ ಏನು ಕೇಳಿಸಿಕೊಂಡಿತು ಅಂತ ಇರುತ್ತದೆ. ಮೊಮ್ಮಗಳು ನಮ್ಮದನ್ನು ಓದಿ ಹೇಳಿದಳು. ಆ ವಾರ ಹನ್ನೊಂದು ಸಲ ಎದ್ದಿತ್ತು. ಅದರಲ್ಲಿ ಒಂಬತ್ತು ಸಂಜೆ ಏಳರಿಂದ ಹತ್ತರೊಳಗೆ, ಎಲ್ಲವೂ ಧಾರಾವಾಹಿಯ ಮಾತು! ಸ್ಪೀಕರನ್ನು ಟಿವಿ ಪಕ್ಕದಿಂದ ತೆಗೆದು, ಎದುರು ಗೋಡೆಯ ಶೆಲ್ಫಿನಲ್ಲಿ, ಇವರ ಕುರ್ಚಿಯ ಹತ್ತಿರ ಇಟ್ಟೆ. ಮುಂದಿನ ವಾರ ಎದ್ದದ್ದು ಮೂರೇ ಸಲ. ಒಂದು ಪೈಸೆ ಖರ್ಚಿಲ್ಲದೆ ಅಷ್ಟು ಕಡಿಮೆಯಾಯಿತು, ಅದಕ್ಕೇ ಮೊದಲು ಜಾಗ ಬದಲಿಸಿ ನೋಡಿ ಅನ್ನುತ್ತೇನೆ.

ಆಮೇಲೂ ಜಾಸ್ತಿ ಎದ್ದರೆ ಕಿವಿ ಸ್ವಲ್ಪ ಮಂದ ಮಾಡಬಹುದು. ಗೂಗಲ್ ಹೋಮ್‌ನಲ್ಲಿ "Hey Google" sensitivity ಅಂತ ಇದೆ. ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಸಲ ಕುರ್ಚಿಯಿಂದ ಮಾಮೂಲಿ ದನಿಯಲ್ಲಿ ಐದು ಸಲ ಕರೆಯಿರಿ. ಎರಡು ಸಲಕ್ಕಿಂತ ಜಾಸ್ತಿ ಉತ್ತರ ತಪ್ಪಿದರೆ ಒಂದು ಮೆಟ್ಟಿಲು ಮೇಲೆ ಹತ್ತಿಸಿ. ವಯಸ್ಸಾದವರು ಕಿರುಚಿ ಕರೆಯುವ ಹಾಗೆ ಆಗಬಾರದು.

ಅಲೆಕ್ಸಾದಲ್ಲಾದರೆ Wake Word, ಅಂದರೆ ಅದನ್ನು ಕರೆಯುವ ಹೆಸರನ್ನೇ ಬದಲಿಸಬಹುದು. ಮನೆಯಲ್ಲಿ ಅಲಕಾ ಅಂತ ಸೊಸೆ ಇದ್ದರೆ ಬದಲಿಸುವುದೇ ವಾಸಿ. ಆದರೆ Echo ಅನ್ನುವುದನ್ನು ಮಾತ್ರ ಕನ್ನಡದ ಮನೆಯಲ್ಲಿ ಆರಿಸಬೇಡಿ. "ಯಾಕೋ", "ಯಾಕೋ ಮಗನೇ" ಅಂತ ನಾವು ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ, ಅಲ್ವಾ? Computer ಅನ್ನುವ ಪದ ಉದ್ದ, ಆದರೆ ಕಂಪ್ಯೂಟರ್ ಕೆಲಸ ಮಾಡುವ ಮಕ್ಕಳಿರುವ ಮನೆಗೆ ಅದೂ ಸರಿಯಲ್ಲ.

ಅಲೆಕ್ಸಾದಲ್ಲಿ ಇನ್ನೊಂದು ಒಳ್ಳೆಯ ಅನುಕೂಲ ಇದೆ. ಸೆಟ್ಟಿಂಗ್ಸ್‌ನಲ್ಲಿ Start of Request ಆನ್ ಮಾಡಿದರೆ ಅದು ಎದ್ದಾಗಲೆಲ್ಲ ಒಂದು ಸಣ್ಣ ಸದ್ದು ಬರುತ್ತದೆ. ಕಣ್ಣು ಕಾಣದವರಿಗೆ ಸ್ಪೀಕರಿನ ದೀಪ ಹೊತ್ತಿದ್ದು ಗೊತ್ತಾಗುವುದಿಲ್ಲ, ಸದ್ದು ಕೇಳಿದರೆ ತಿಳಿಯುತ್ತದೆ.

ನೆಂಟರು ಬಂದು ಮನೆಯ ಮಾತು ಆಡುವಾಗ ನಾನು ಮೈಕ್ ಗುಂಡಿಯನ್ನೇ ಒತ್ತಿಬಿಡುತ್ತೇನೆ. ಆಗ ಯಾರು ಕೂಗಿದರೂ ಅದು ಏಳುವುದಿಲ್ಲ. ಅವರು ಹೊರಟ ಮೇಲೆ ಮತ್ತೆ ಒತ್ತಲು ಮರೆಯಬಾರದು. ರಾತ್ರಿ ಇವರು ಕರೆದರೆ ಅದಕ್ಕೆ ಕೇಳಿಸಬೇಕು.