ಬಾಣದ ಗುರುತಿಲ್ಲದೆ ಬಂಡೆಗಳ ನಡುವೆ ದಾರಿ ತೋರಿಸಿದ್ದು

ಆನೆಗೊಂದಿ ಸುತ್ತ ಓಡಾಡಿದವರಿಗೆ ಗೊತ್ತು, ಅಲ್ಲಿ ಎತ್ತ ತಿರುಗಿದರೂ ಒಂದೇ ಥರದ ಬಂಡೆ. ನಾನು ಗಂಗಾವತಿಯಲ್ಲಿ ಕೂತು ಮಾಡುತ್ತಿರುವ ಗೇಮಿನ ಒಂದು ಲೆವೆಲ್ ಇಂಥ ಜಾಗದಲ್ಲೇ ನಡೆಯುತ್ತದೆ. ಹೊತ್ತು ಮುಳುಗುವ ಸಮಯ. ಆಟಗಾರ ಹೊಳೆದಂಡೆಯಿಂದ ಹೊರಟು ಗುಡ್ಡದ ಮೇಲಿನ ಗುಡಿ ಸೇರಬೇಕು. ದಾರಿ ಇರುವುದು ಒಂದೇ. ಬಾಣದ ಗುರುತು, ಮ್ಯಾಪ್, ಬೋರ್ಡು ಯಾವುದೂ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ.

ಶುರು ಮಾಡಿದ್ದು ಗುಡಿಯಿಂದ. ಅಂಜನಾದ್ರಿಯನ್ನು ದೂರದಿಂದ ನೋಡಿ. ಕಂದು ಗುಡ್ಡ, ತುದಿಯಲ್ಲಿ ಬಿಳಿ ಗುಡಿ, ಮೇಲಕ್ಕೆ ಅಂಕುಡೊಂಕಾಗಿ ಹತ್ತುವ ಬಿಳಿ ಮೆಟ್ಟಿಲು. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. 2004ರ ಹಾಫ್-ಲೈಫ್ 2 ಆಟದಲ್ಲಿ ಊರಿನ ಮೇಲೆ ಎದ್ದು ನಿಂತ ಸಿಟಾಡೆಲ್ ಗೋಪುರದ ಕೆಲಸವೂ ಇದೇ. ಆದರೆ ಗುರಿ ಸದಾ ಕಾಣುತ್ತಿದ್ದರೆ ಆಟಗಾರ ಅದರತ್ತ ನೇರ ಗೆರೆ ಎಳೆದು ಬಂಡೆ ಹತ್ತಲು ನೋಡುತ್ತಾನೆ. ಅದಕ್ಕೇ ಗುಡಿಯನ್ನು ಆಗಾಗ ಮರೆಮಾಡಿದೆ. ನಡೆಯುವಾಗ ಎರಡೂ ಕಡೆ ಎತ್ತರದ ಬಂಡೆ, ಏನೂ ಕಾಣುವುದಿಲ್ಲ. ತಿರುವಿಗೆ ಬಂದ ಕೂಡಲೇ ಎರಡು ಬಂಡೆಗಳ ಸಂದಿಯಲ್ಲಿ ಗುಡಿ ಕಾಣುತ್ತದೆ, ಮುಂದಿನ ದಾರಿಯೂ ಅದೇ ಸಂದಿಯಲ್ಲೇ ಹೋಗುತ್ತದೆ.

ಇದನ್ನು ಎಡಿಟರ್ ಕ್ಯಾಮೆರಾದಲ್ಲಿ ಹಾರಾಡುತ್ತ ನೋಡಿದರೆ ಉಪಯೋಗವಿಲ್ಲ. ಆಟಗಾರನ ಕಣ್ಣು ನೆಲದಿಂದ 160-170 ಸೆಂ.ಮೀ. ಎತ್ತರದಲ್ಲಿರುತ್ತದೆ, ಅಲ್ಲಿಂದಲೇ ನೋಡಬೇಕು. ಜನ ತಾವಾಗಿಯೇ ತಲೆ ಎತ್ತುವುದೂ ಕಡಿಮೆ. ಅದಕ್ಕೆ ತಿರುವಿನ ಮುಂಚೆ ನಾಲ್ಕು ಮೆಟ್ಟಿಲು ಇಟ್ಟು, ಕೊನೆಯ ಮೆಟ್ಟಿಲನ್ನು ಗುಡಿಯ ದಿಕ್ಕಿಗೇ ತಿರುಗಿಸಿದೆ. ಹತ್ತಿ ಮುಗಿಸಿದವನ ಮುಖ ಎತ್ತ ಇರುತ್ತದೋ ಗುಡಿಯೂ ಅತ್ತಲೇ.

ಬಣ್ಣದ ವಿಷಯ ಇಷ್ಟು ಸುಲಭವಿರಲಿಲ್ಲ. 2008ರ ಮಿರರ್ಸ್ ಎಡ್ಜ್‌ನಲ್ಲಿ ಬಿಳಿ ಕಟ್ಟಡಗಳ ನಡುವೆ ಕೆಂಪು ಪೈಪು, ಕೆಂಪು ಬಾಗಿಲು ದಾರಿ ತೋರಿಸುತ್ತವೆ. ಅಲ್ಲಿ ಊರೆಲ್ಲ ಬಿಳಿ, ಹಾಗಾಗಿ ಕೆಂಪು ಎದ್ದು ಕಾಣುತ್ತದೆ. ನನ್ನ ಕಂದು ಬಂಡೆಯ ಮೇಲೆ, ಅದೂ ಸಂಜೆಯ ಬೆಳಕಿನಲ್ಲಿ, ಕೆಂಪು ಮಂಕಾಗುತ್ತದೆ. ಕೆಂಪು-ಹಸಿರು ಭೇದ ಸರಿಯಾಗಿ ಕಾಣದವರಿಗಂತೂ ಆ ಗುರುತು ಇಲ್ಲದಂತೆಯೇ. ಹಾಗಾಗಿ ಸುಣ್ಣ ಆರಿಸಿಕೊಂಡೆ. ನಮ್ಮ ಕಡೆ ಗುಡಿ ಗೋಡೆಗೆ, ಮೆಟ್ಟಿಲಿಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಹೊಡೆಯುವುದು ಇದ್ದದ್ದೇ. ಅದು ಗೇಮಿನವರು ಬಳಿದ ಬಣ್ಣ ಅಂತ ಯಾರಿಗೂ ಅನ್ನಿಸುವುದಿಲ್ಲ. ಈ ಕ್ರಮದಲ್ಲಿ ಒಂದೇ ಷರತ್ತು: ಹತ್ತಬಹುದಾದ ಕಲ್ಲಿಗೆ ಮಾತ್ರ ಸುಣ್ಣ. ಚೆಂದಕ್ಕೆ ಅಂತ ಬೇರೆಲ್ಲೋ ಬಿಳಿ ಬಳಿದರೆ ಆಟಗಾರ ಆಮೇಲೆ ಬಿಳಿಯನ್ನು ನಂಬುವುದೇ ಇಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ಹೊಸಬರು ದೀಪ ಸೇರಿಸುತ್ತ ಹೋಗುತ್ತಾರೆ. ನಾನು ಮಾಡಿದ್ದು ಜಾಸ್ತಿ ಕಳೆಯುವ ಕೆಲಸ. ಪ್ರತಿ ತಿರುವಿನಲ್ಲೂ ಒಂದು ಸ್ಕ್ರೀನ್‌ಶಾಟ್ ತೆಗೆದು, ಕಪ್ಪು-ಬಿಳುಪು ಮಾಡಿ, ಹೆಬ್ಬೆರಳ ಗಾತ್ರಕ್ಕೆ ಕುಗ್ಗಿಸುತ್ತೇನೆ. ಮೊದಲು ಕಣ್ಣಿಗೆ ಬೀಳುವ ಜಾಗ ದಾರಿಯೇ ಆಗಿರಬೇಕು. ಬೇರೇನಾದರೂ ಬಿದ್ದರೆ ಅದನ್ನು ಮಬ್ಬು ಮಾಡುತ್ತೇನೆ, ಇಲ್ಲವೇ ಬಂಡೆಯಿಂದ ಮುಚ್ಚುತ್ತೇನೆ. ಆಮೇಲೆ ತಣ್ಣನೆಯ ನೀಲಿ ನೆರಳಿನ ನಡುವೆ, ಮುಂದಿನ ತಿರುವಿನಲ್ಲಿ ಒಂದೇ ಒಂದು ಎಣ್ಣೆ ದೀಪದ ಹಳದಿ ಬೆಳಕು ಸಾಕು.

ಗೇಮ್ ಕಟ್ಟಲು ಅನ್‌ರಿಯಲ್ ಎಂಜಿನ್ ಬಳಸುವವರಿಗೆ ಇಲ್ಲೊಂದು ತೊಡಕಿದೆ. ಆಟಗಾರ ಕತ್ತಲಿಗೆ ಹೋದರೆ ಎಂಜಿನ್ ತಾನೇ ಎಕ್ಸ್‌ಪೋಷರ್ ಏರಿಸಿ ನೆರಳನ್ನೆಲ್ಲ ಬೆಳಗಿಸುತ್ತದೆ. ನೀವು ಕಷ್ಟಪಟ್ಟು ಮಾಡಿದ ಕತ್ತಲೆ ಎರಡು ಸೆಕೆಂಡಿನಲ್ಲಿ ಮಾಯ. ಒಂದೇ ಕಡೆ ಸುಮ್ನೆ ನಿಂತಾಗ ಚಿತ್ರ ಮೆಲ್ಲಗೆ ಬೆಳ್ಳಗಾಗುತ್ತಿದ್ದರೆ ಇದೇ ಕಾರಣ ಇರಬಹುದು. Post Process Volume ಒಳಗೆ Min EV100 ಮತ್ತು Max EV100 ಎರಡಕ್ಕೂ ಒಂದೇ ಬೆಲೆ ಕೊಟ್ಟರೆ ಆ ಹೊಂದಾಣಿಕೆ ನಿಲ್ಲುತ್ತದೆ.

ಆಡಿಸಿ ನೋಡುವಾಗ ನಾನು ಬಾಯಿ ಬಿಡುವುದಿಲ್ಲ. ಯಾರು ಎಲ್ಲಿ ನಿಂತು ಸುತ್ತ ತಿರುಗಿ ನೋಡುತ್ತಾರೆ ಅನ್ನುವುದನ್ನಷ್ಟೇ ಬರೆದುಕೊಳ್ಳುತ್ತೇನೆ. ದಾರಿ ಗೊತ್ತಾದವರು ಕ್ಯಾಮೆರಾವನ್ನು ಪೂರ್ತಿ ಸುತ್ತಿಸುವುದು ಕಡಿಮೆ. ಪಕ್ಕದ ಮನೆಯ ಹುಡುಗ ಎರಡನೇ ತಿರುವಿನಲ್ಲಿ ಎಡಕ್ಕೆ ಹೋದ. ಯಾಕೆ ಅಂತ ಆಟ ಮುಗಿದ ಮೇಲೆ ಕೇಳಿದೆ. "ಅಣ್ಣಾ, ಅಲ್ಲಿ ನೀರು ಮಿಂಚಾಕತ್ತಿತ್ತು, ಅದಕ್ಕ ಹೋದೆ" ಅಂದ. ಇನ್ನೂ ಕೆಲವರು ಅಲ್ಲಿಗೇ ಹೋದರು. ನೀರು ಅಲುಗಾಡುತ್ತದೆ, ಮಿನುಗುತ್ತದೆ. ಸುತ್ತ ಎಲ್ಲ ನಿಂತಿರುವಾಗ ಅಲುಗುವುದೇ ಕಣ್ಣನ್ನು ಎಳೆಯುತ್ತದೆ. ಹೊಳೆಯ ಮಿಂಚನ್ನು ತೆಗೆಯಲು ಮನಸ್ಸಾಗಲಿಲ್ಲ. ಬದಲಿಗೆ ಬಂಡೆಗಳನ್ನು ಸರಿಸಿ, ಆ ಮಿಂಚು ಮುಂದಿನ ಮೆಟ್ಟಿಲುಗಳ ಹಿಂದೆಯೇ ಕಾಣುವಂತೆ ಮಾಡಿದೆ. ಗುಡಿಯ ಬಾವುಟಕ್ಕೆ ಗಾಳಿ ಕೊಟ್ಟಿದ್ದೂ ಆಮೇಲೆಯೇ.

ಬೆಳಕನ್ನೇ ನಂಬಿದರೆ ಕೆಡುವ ಜಾಗವೂ ಇದೆ. ಮಟಮಟ ಮಧ್ಯಾಹ್ನ, ಕಿಟಕಿ ಪಕ್ಕ, ಹಳೇ ಲ್ಯಾಪ್‌ಟಾಪ್. ನಮ್ಮ ಬಿಸಿಲಿಗೆ ಪರದೆಯ ನೆರಳು ಭಾಗವೆಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತದೆ, ಎಣ್ಣೆ ದೀಪವೂ ಲೆಕ್ಕಕ್ಕಿಲ್ಲ. ಆಗ ಉಳಿಯುವುದು ಆಕಾಶಕ್ಕೆ ಎದುರಾಗಿ ನಿಂತ ಗುಡಿಯ ಆಕಾರ ಮತ್ತು ಸುಣ್ಣದ ಬಿಳಿ ಎರಡೇ. ಈಗ ಪ್ರತಿ ತಿರುವನ್ನೂ ದೀಪಗಳನ್ನೆಲ್ಲ ಆರಿಸಿ ಒಮ್ಮೆ ಆಡುತ್ತೇನೆ. ಆಗಲೂ ದಾರಿ ಸಿಕ್ಕರೆ ಮಾತ್ರ ದೀಪ ಹಚ್ಚುವ ಕೆಲಸ.